ಕಿಟಕಿಯ ಮುಂದಿನ ನಾಲ್ಕು ಸಾಲು

ಆದಾಯ ಪ್ರಮಾಣಪತ್ರಕ್ಕೆಂದು ಒಮ್ಮೆ ಮೂರು ದಿನ ಒಂದೇ ಕಿಟಕಿಯ ಮುಂದೆ ನಿಂತಿದ್ದೆ. ಮೂರನೆಯ ದಿನ ಗಾಜಿನ ಒಳಗಡೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಅಂಟಿಸಿದ್ದರು. ಅದರ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಎರಡೇ ಮಾತು: ‘ಸರ್ವರ್ ಇಲ್ಲ’. ನನ್ನ ಮುಂದಿದ್ದ ಹಿರಿಯರು ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂದರು. ಸಾಲಿಡೀ ನಕ್ಕಿತು. ಕಿಟಕಿಯ ಆಚೆ ಕೂತಿದ್ದ ಹುಡುಗಿಯೂ ನಕ್ಕಳು. ಸರ್ಕಾರಿ ಕಚೇರಿಯ ಕಾಯುವಿಕೆಯ ಬಗ್ಗೆ ಕನ್ನಡದಲ್ಲಿ ಬಂದ ವಿಡಂಬನೆಯ ಪದ್ಯಗಳೆಲ್ಲ ಈ ಗಾದೆಯ ಮಕ್ಕಳು ಎಂದು ನನಗೆ ಹೊಳೆದದ್ದು ಆಗಲೇ. ಕೊಡುವ ಮನಸ್ಸು ಮೇಲಿದೆ, ಕೆಳಗೆ ಬರುವಷ್ಟರಲ್ಲಿ ನಡುವೆ ಯಾರೋ ತಡೆಯುತ್ತಾರೆ. ಆ ‘ಯಾರೋ’ ಯಾರು ಎಂಬುದು ಕಾಲಕಾಲಕ್ಕೆ ಬದಲಾಗಿದೆ, ಅದರೊಂದಿಗೆ ಪದ್ಯದ ಗುರಿಯೂ ಬದಲಾಗಿದೆ.

ಚಿಕ್ಕ ಪದ್ಯದಲ್ಲಿ ಕುಟುಕುವುದು ನಮ್ಮಲ್ಲಿ ತೀರಾ ಹಳೆಯ ಅಭ್ಯಾಸ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿಯಿದೆ. ಸರ್ವಜ್ಞ ಅದೇ ಮೂರು ಸಾಲನ್ನು ಊರೂರಿನ ಬಾಯಿಗೆ ಹಾಕಿದ. ಇಪ್ಪತ್ತನೆಯ ಶತಮಾನದಲ್ಲಿ ಆ ಕೆಲಸ ನಾಲ್ಕು ಸಾಲಿಗೆ ಬಂತು. ಚುಟುಕವನ್ನು ಮನೆಮಾತಾಗಿಸಿದ ದಿನಕರ ದೇಸಾಯಿಯವರು ಬರೀ ಕವಿಯಲ್ಲ, ಉತ್ತರ ಕನ್ನಡದ ರೈತರ ಪರ ಹೋರಾಡಿದವರು, 1967ರಲ್ಲಿ ಲೋಕಸಭೆಗೂ ಗೆದ್ದವರು. ಅಧಿಕಾರದ ಬಾಗಿಲನ್ನು ಹೊರಗಿನಿಂದಲೂ ಒಳಗಿನಿಂದಲೂ ನೋಡಿದ್ದ ಕೈ ಅದು. ನಾಲ್ಕು ಸಾಲಿಗೆ ಇಂಥ ವಿಷಯ ಒಗ್ಗುವುದಕ್ಕೆ ಸರಳ ಕಾರಣವಿದೆ. ಸಾಲಿನಲ್ಲಿ ನಿಂತವರಿಗೆ ಕಾಗದ ಬೇಡ, ಒಮ್ಮೆ ಕೇಳಿದರೆ ಸಾಕು, ಹಿಂದಿನವರಿಗೆ ದಾಟಿಸಬಹುದು.

ಮೊದಲಿಗೆ ಗುರಿ ಒಬ್ಬ ಮನುಷ್ಯ. ಪಹಣಿ ಶಾನುಭೋಗರ ಮನೆಯಲ್ಲಿ, ಅವರ ಅಕ್ಷರದಲ್ಲಿ ಇರುತ್ತಿದ್ದ ಕಾಲದಲ್ಲಿ ಸಾಲೇ ಇರಲಿಲ್ಲ, ಜಗಲಿ ಇತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದು ಮಾಡಿದ ಮೇಲೆ ದಫ್ತರ ಸರ್ಕಾರಿ ನೌಕರನ ಕೈಗೆ ಬಂತು, ಜಗಲಿ ಹೋಗಿ ಮೇಜು ಬಂತು. ಆ ಮೇಜಿನ ಹಿಂದೆ ಕೂತವನನ್ನು ಬೈಯುವುದೇ ಬಹುಕಾಲ ಪದ್ಯದ ಕಸುಬಾಯಿತು. ಆ ಬಗೆ ಹೇಗಿರುತ್ತದೆ ಎಂದು ತೋರಿಸಲು ನಾನೇ ಒಂದು ಕಟ್ಟಿದ್ದೇನೆ:

ಸರತಿಯಲಿ ನಿಂತವರ ಕಾಲೆಲ್ಲ ಸೋತರೂ
ಕುರ್ಚಿಯಲಿ ಕೂತವಗೆ ಕರುಣೆಯಿಲ್ಲ
ಲಂಚವನು ಕೊಟ್ಟವಗೆ ಒಳಬಾಗಿಲೇ ಉಂಟು
ಕೊಡದವಗೆ ಯಾವತ್ತು ಕೆಲಸವಿಲ್ಲ

ಲಯ ಸರಿಯಿದೆ, ಐದೈದು ಮಾತ್ರೆಯ ಗಣಗಳು ತಪ್ಪಿಲ್ಲ, ಪ್ರಾಸವೂ ಇದೆ. ಆದರೂ ಇದು ಯಾರಿಗೂ ತಾಗುವುದಿಲ್ಲ. ಲಂಚ ತಿನ್ನುವವನು ಇದನ್ನು ಕೇಳಿ ಪಕ್ಕದ ಮೇಜಿನತ್ತ ನೋಡುತ್ತಾನೆ, ತಿನ್ನದವನಿಗೆ ಸುಮ್ಮನೆ ನೋವಾಗುತ್ತದೆ. ಎರಡನೆಯ ಸಾಲಿಗೇ ಎಲ್ಲವನ್ನೂ ಹೇಳಿ ಮುಗಿಸಿದ್ದರಿಂದ ಉಳಿದೆರಡು ಸಾಲು ಹೊಟ್ಟು. ಇಂಥ ಪದ್ಯ ಸೋತದ್ದನ್ನು ಗುರುತಿಸುವುದು ಸುಲಭ: ಕಚೇರಿಯ ಜಾಗದಲ್ಲಿ ಆಸ್ಪತ್ರೆ, ರೇಷನ್ ಅಂಗಡಿ, ಏನನ್ನು ಇಟ್ಟರೂ ಅದು ಹಾಗೇ ನಿಲ್ಲುತ್ತದೆ.

ಕುಟುಕು ಹುಟ್ಟುವುದು ಕಚೇರಿಯ ಸ್ವಂತ ಮಾತನ್ನೇ ಕಿತ್ತುಕೊಂಡಾಗ. ಅಲ್ಲಿ ಅತಿ ಹೆಚ್ಚು ಕೇಳುವ ಮಾತು ‘ನಾಳೆ ಬಾ’. ಬೆಂಗಳೂರಿನ ಸುತ್ತಮುತ್ತ ಈ ಎರಡು ಪದಗಳಿಗೆ ಇನ್ನೊಂದು ನೆನಪಿದೆ. ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿಕೊಂಡು ಹಿಂದಿರುಗಲಿ ಎಂದು ಮನೆಮನೆಯ ಕದದ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಪ್ರತಿ ರಾತ್ರಿ ಬರುತ್ತದೆ, ಪ್ರತಿ ರಾತ್ರಿ ಓದುತ್ತದೆ, ನಾಳೆ ಎಂದೂ ಬರುವುದಿಲ್ಲ. ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟರೆ ಪದ್ಯ ಅರ್ಧ ಆದಂತೆಯೇ:

‘ನಾಳೆ ಬಾ’ ಎಂದು ನಾ ಬರೆದಿದ್ದೆ ಬಾಗಿಲಿಗೆ
ಮನೆಯತ್ತ ದೆವ್ವಗಳು ಸುಳಿಯದಂತೆ
ಕಿಟಕಿಯಲಿ ಅದೆ ಮಾತ ಕೇಳಿದಾಗಲೆ ತಿಳಿದೆ
ಅವರ ಕಣ್ಣಿಗೆ ನಾನೆ ದೆವ್ವವಂತೆ

ಇಲ್ಲಿ ಯಾರನ್ನೂ ಬೈದಿಲ್ಲ. ಗುಮಾಸ್ತನ ಮೇಲೆ ಒಂದು ವಿಶೇಷಣವೂ ಇಲ್ಲ. ಆದರೆ ಇದನ್ನು ಕೇಳಿದ ಗುಮಾಸ್ತ ಮುಂದಿನ ಸಲ ‘ನಾಳೆ ಬನ್ನಿ’ ಎನ್ನುವಾಗ ತನ್ನ ಮಾತು ತನಗೇ ಕೇಳಿಸುತ್ತದೆ. ಕೆಲಸ ಮಾಡುತ್ತಿರುವುದು ‘ಅಂತೆ’ ಎಂಬ ಪ್ರಾಸ. ಮೊದಲ ಸಲ ಅದು ‘ಹಾಗಾಗದಿರಲಿ’ ಎಂಬ ಅರ್ಥದ್ದು, ಎರಡನೆಯ ಸಲ ‘ಹಾಗೆ ಹೇಳುತ್ತಾರೆ’ ಎಂಬುದು. ಛಂದಸ್ಸಿಗೂ ಪಾಲಿದೆ. ಒಂದನೆಯ, ಮೂರನೆಯ ಸಾಲುಗಳಲ್ಲಿ ತುಂಬು ನಾಲ್ಕು ಗಣ. ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಮೂರು ಗಣ ಮುಗಿದು ಒಂದೇ ಅಕ್ಷರ ಉಳಿಯುತ್ತದೆ, ಆಮೇಲೆ ಮೌನ. ಆ ಮೌನದಲ್ಲಿ ಕೇಳುವವನು ಅರ್ಥ ಮಾಡಿಕೊಳ್ಳುತ್ತಾನೆ, ಆಮೇಲೆ ನಗುತ್ತಾನೆ. ಐದನೆಯ ಸಾಲು ಬರೆದು ವಿವರಿಸಿದರೆ ಆ ಜಾಗ ಹೋಯಿತು.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಪ್ರತಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲೇ ತೆಗೆಯುವಂತೆ ತಂತ್ರಾಂಶವನ್ನೇ ಕಟ್ಟಿದರು. ಇದು ನಿಜವಾದ ಸುಧಾರಣೆ, ಅದನ್ನು ಒಪ್ಪದೆ ಬರೆಯುವ ವಿಡಂಬನೆ ಸುಳ್ಳು. ಆದರೆ ಪದ್ಯದ ದೃಷ್ಟಿಯಿಂದ ಒಂದು ವಿಚಿತ್ರ ನಡೆಯಿತು: ಬೈಯಲು ಮುಖವೇ ಇಲ್ಲದಾಯಿತು. ಕೈಚಾಚುವ ಗುಮಾಸ್ತನ ಜಾಗದಲ್ಲಿ ‘ಸರ್ವರ್ ಇಲ್ಲ’ ಕೂತಿತು. ಈಚಿನ ಹನಿಗವನಗಳು ಸರ್ವರ್ ಮೇಲೆ ಶ್ಲೇಷೆ ಮಾಡಿ ನಿಲ್ಲುತ್ತವೆ, ನಗು ಬರುತ್ತದೆ, ಯಾರಿಗೂ ಚುಚ್ಚುವುದಿಲ್ಲ. ಯಂತ್ರಕ್ಕೆ ನಾಚಿಕೆಯಿಲ್ಲ, ಅದನ್ನು ಹಂಗಿಸಿ ಫಲವಿಲ್ಲ.

ಹಾಗಿದ್ದರೆ ಇಂದು ಕುಟುಕು ಎಲ್ಲಿಡಬೇಕು? ನನ್ನ ಪ್ರಕಾರ ನಿಯಮದ ಅಂಕಿಯಲ್ಲಿ. 2011ರ ಸಕಾಲ ಕಾಯ್ದೆ, ಮರುವರ್ಷ ಜಾರಿಗೆ ಬಂದದ್ದು, ಒಂದೊಂದು ಸೇವೆಗೂ ಗಡುವು ಕಟ್ಟಿತು. ಅರ್ಜಿ ಕೊಟ್ಟವರಿಗೆ ಸಂಖ್ಯೆಯಿರುವ ಸ್ವೀಕೃತಿ ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅದು ತಾನಾಗಿ ಬಾಗಿಲಿಗೆ ಬರುವುದಿಲ್ಲ, ಅರ್ಜಿದಾರ ಕೇಳಿ ಪಡೆಯಬೇಕು. ತಡಕ್ಕೆ ಬೆಲೆ ಕಟ್ಟಿದ್ದು ದೊಡ್ಡ ಹೆಜ್ಜೆಯೇ. ಆದರೆ ಭಾಗಿಸಿ ನೋಡಿ: ಇಪ್ಪತ್ತೈದು ದಿನಕ್ಕೆ ಐನೂರು ತುಂಬುತ್ತದೆ. ಇಪ್ಪತ್ತಾರನೆಯ ದಿನದ ಕಾಯುವಿಕೆಗೆ ಬೆಲೆಯಿಲ್ಲ, ನೂರನೆಯ ದಿನದ್ದಕ್ಕೂ ಇಲ್ಲ. ಅಂದು ಮೂರನೆಯ ದಿನ ಬರಿಗೈಲಿ ಬಸ್ ಹತ್ತಿದಾಗ, ಆ ಸ್ವೀಕೃತಿ ಚೀಟಿಯ ಬೆನ್ನಿಗೆ ಇದನ್ನು ಬರೆದುಕೊಂಡೆ:

ದಿನಕೆ ಇಪ್ಪತ್ತಂತೆ ಲೆಕ್ಕವಿಟ್ಟರು ದಂಡ
ಐನೂರ ಮುಟ್ಟಿದರೆ ತೀರ್ತು ಬಾಕಿ
ಅಲ್ಲಿಂದ ಮುಂದೆಲ್ಲ ಕಾದ ದಿನ ಪುಕ್ಕಟೆಯು
ಸಾಲಿನಲಿ ಕಡೆಗುಳಿದೆ ನಾನೆ ಬಾಕಿ