‘ಅದನ್ನು ಮುಚ್ಚಿ’ ಅಂದರೆ ಯಾವುದನ್ನು?

ದಾವಣಗೆರೆಯಲ್ಲಿ ಕೃಷಿ ಸಾಮಗ್ರಿ ಮಾರುವವರಿಗೆ ಬಳಕೆ ಸೂಚನೆಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಡ್ರಿಪ್ ಜೊತೆ ಗೊಬ್ಬರ ಬಿಡಲು ವೆಂಚುರಿ ಕೂರಿಸುತ್ತಾರೆ. ಮುಖ್ಯ ಪೈಪಿನ ಪಕ್ಕದ ಕವಲಿನಲ್ಲಿ ಕೂತು, ನೀರಿನ ಓಟದಿಂದಲೇ ಟ್ಯಾಂಕಿನ ಗೊಬ್ಬರದ ನೀರನ್ನು ಹೀರಿ ಬೆರೆಸುವ ಸಾಧನ ಅದು. ಅದರ ಸೂಚನೆಯೊಂದು ಹೀಗಿತ್ತು:

“ವೆಂಚುರಿಯ ಎರಡೂ ವಾಲ್ವ್ ತೆರೆದು, ಮುಖ್ಯ ಪೈಪಿನ ವಾಲ್ವನ್ನು ನಿಧಾನವಾಗಿ ಮುಚ್ಚುತ್ತಾ ಬನ್ನಿ. ಗೊಬ್ಬರ ಎಳೆಯಲು ಶುರುವಾದಾಗ ಅದನ್ನು ನಿಲ್ಲಿಸಿ. ಟ್ಯಾಂಕ್ ಖಾಲಿಯಾದ ಮೇಲೆ ಅದನ್ನು ಮುಚ್ಚಿ, ಇದನ್ನು ಪೂರ್ತಿ ತೆರೆಯಿರಿ. ನಂತರ 15 ನಿಮಿಷ ಹಾಗೇ ಬಿಡಿ.”

ಬರೆದವರಿಗೆ ಇದರಲ್ಲಿ ಗೊಂದಲವೇ ಇಲ್ಲ. ವೆಂಚುರಿ ಅವರ ಕಣ್ಣ ಮುಂದಿದೆ. ಓದುವವರ ಪಾಡು ಬೇರೆ. ‘ಅದನ್ನು ನಿಲ್ಲಿಸಿ’ ಅಂದರೆ ವಾಲ್ವ್ ತಿರುಗಿಸುವುದನ್ನೋ, ಗೊಬ್ಬರ ಎಳೆಯುವುದನ್ನೋ, ಮೋಟಾರನ್ನೋ? ‘ಅದನ್ನು ಮುಚ್ಚಿ’ ಇನ್ನೂ ಕಷ್ಟ. ಹತ್ತಿರದಲ್ಲಿರುವ ಹೆಸರು ಟ್ಯಾಂಕ್, ಹಾಗಾಗಿ ಟ್ಯಾಂಕಿನ ಮುಚ್ಚಳ ಅಂತಲೂ ಓದಬಹುದು. ಮುಖ್ಯ ಪೈಪಿನ ವಾಲ್ವ್ ಅಂತಲೂ ಓದಬಹುದು. ಬರೆದವರ ಮನಸ್ಸಿನಲ್ಲಿ ಇದ್ದದ್ದು ವೆಂಚುರಿಯ ಎರಡು ವಾಲ್ವ್. ಎರಡು ಇದ್ದರೆ ‘ಅವನ್ನು’ ಅನ್ನಬೇಕಲ್ವಾ? ಆದರೆ ವಸ್ತುಗಳ ವಿಷಯದಲ್ಲಿ ನಾವು ಒಂದಕ್ಕೂ ಹತ್ತಕ್ಕೂ ‘ಅದು’ ಅಂದುಬಿಡುತ್ತೇವೆ. ವಾಲ್ವ್, ಟ್ಯಾಂಕ್, ಪೈಪ್, ಮೋಟಾರ್ ಎಲ್ಲವೂ ‘ಅದು’ವೇ ಆದಾಗ ಓದುಗನಿಗೆ ಸುಳಿವೇ ಸಿಗುವುದಿಲ್ಲ.

ತಪ್ಪು ಓದಿದರೆ ಏನಾಗುತ್ತದೆ? ಮೋಟಾರ್ ಓಡುತ್ತಿರುವಾಗ ಮುಖ್ಯ ವಾಲ್ವ್ ಪೂರ್ತಿ ಮುಚ್ಚಿ, ವೆಂಚುರಿಯನ್ನೂ ಮುಚ್ಚಿದರೆ ನೀರಿಗೆ ದಾರಿಯೇ ಇಲ್ಲ. ಒತ್ತಡ ಏರಿ ಪೈಪಿನ ಜಾಯಿಂಟ್ ಬಿಡಬಹುದು. ‘ಹಾಗೇ ಬಿಡಿ’ ಅನ್ನುವುದನ್ನು ಮೋಟಾರ್ ಆರಿಸಿ ಸುಮ್ನೆ ಬಿಡಿ ಅಂತ ತಿಳಿದರೆ, ಗೊಬ್ಬರದ ನೀರು ಗಿಡಗಳ ಸಾಲಿನುದ್ದಕ್ಕೂ ಹಾಸಿದ ಸಣ್ಣ ಪೈಪುಗಳಾದ ಲ್ಯಾಟರಲ್‌ಗಳಲ್ಲೇ ನಿಂತು ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ.

‘ಅದು’ ಇದ್ದಲ್ಲೆಲ್ಲ ‘ವಾಲ್ವ್’ ಅಂತ ಹಾಕಿದರೆ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಇಲ್ಲಿರುವುದು ನಾಲ್ಕು ವಾಲ್ವ್. ‘ವೆಂಚುರಿ ಮುಂದಿನ ವಾಲ್ವ್’ ಅಂದರೂ ಆಗುವುದಿಲ್ಲ. ನೀರು ಬರುವ ಕಡೆಯೋ, ನೀರು ಹೋಗುವ ಕಡೆಯೋ, ನಾವು ನಿಂತ ಕಡೆಯೋ? ನಾನು ಫಿಟ್ಟರಿಗೆ ವಾಲ್ವ್‌ಗಳ ಮೇಲೆ ಪೇಂಟಿನಲ್ಲಿ ನಂಬರ್ ಬರೆಸಿದೆ. 1 ಮುಖ್ಯ ಪೈಪಿನದು, 2 ವೆಂಚುರಿಗೆ ನೀರು ಬರುವ ಕಡೆಯದು, 3 ವೆಂಚುರಿಯಿಂದ ನೀರು ಹೋಗುವ ಕಡೆಯದು, 4 ಟ್ಯಾಂಕಿನಿಂದ ಗೊಬ್ಬರ ಹೀರುವ ಪೈಪಿನದು. ಸೂಚನೆಯಲ್ಲೂ ಅದೇ ನಂಬರ್.

ಹೆಸರು ಹಾಕುತ್ತಾ ಹೋದಾಗ ಇನ್ನೊಂದು ತಪ್ಪು ಕಂಡಿತು. ‘ಅದನ್ನು ಮುಚ್ಚಿ, ಇದನ್ನು ತೆರೆಯಿರಿ’ ಅನ್ನುವುದನ್ನು ಸರಿಯಾಗಿ ಓದಿದರೂ, ಮುಖ್ಯ ವಾಲ್ವ್ ಅರ್ಧಂಬರ್ಧ ಮುಚ್ಚಿರುವಾಗಲೇ ವೆಂಚುರಿ ಮುಚ್ಚಬೇಕಾಗುತ್ತದೆ. ಕ್ರಮವೇ ತಿರುಗುಮುರುಗು. ಟ್ಯಾಂಕ್ ಪೂರ್ತಿ ಖಾಲಿಯಾಗುವ ತನಕ ಕಾದರೆ ವೆಂಚುರಿ ಗಾಳಿ ಎಳೆಯುತ್ತದೆ, ಅದೂ ತಪ್ಪೇ. ‘ಅದು, ಇದು’ಗಳ ಮರೆಯಲ್ಲಿ ಇಂಥವು ಅಡಗಿ ಕೂತಿರುತ್ತವೆ. ತಿದ್ದಿದ ಮೇಲೆ ಹೀಗಾಯಿತು:

“ಮೋಟಾರ್ ಓಡುತ್ತಿರಲಿ. 2, 3 ಮತ್ತು 4ನೇ ವಾಲ್ವ್‌ಗಳನ್ನು ಪೂರ್ತಿ ತೆರೆಯಿರಿ.

1ನೇ ವಾಲ್ವನ್ನು ನಿಧಾನವಾಗಿ ಮುಚ್ಚುತ್ತಾ ಬನ್ನಿ. ಹೀರುವ ಪೈಪಿನಲ್ಲಿ ಗೊಬ್ಬರದ ನೀರು ವೆಂಚುರಿ ಕಡೆಗೆ ಹೋಗುವುದು ಕಂಡ ಕೂಡಲೇ 1ನೇ ವಾಲ್ವನ್ನು ತಿರುಗಿಸುವುದು ನಿಲ್ಲಿಸಿ.

ಟ್ಯಾಂಕಿನಲ್ಲಿ ಗೊಬ್ಬರದ ನೀರು ಮುಗಿಯುತ್ತಾ ಬಂದಾಗ 4ನೇ ವಾಲ್ವನ್ನು ಮುಚ್ಚಿ.

1ನೇ ವಾಲ್ವನ್ನು ಪೂರ್ತಿ ತೆರೆಯಿರಿ. ನಂತರ 2 ಮತ್ತು 3ನೇ ವಾಲ್ವ್‌ಗಳನ್ನು ಮುಚ್ಚಿ.

ಮೋಟಾರ್ ಆರಿಸದೆ 15 ನಿಮಿಷ ಬರೀ ನೀರು ಹರಿಸಿ.”

ಎರಡನೇ ಹೆಜ್ಜೆಗೆ ಒಂದು ಸಾಲು ಸೇರಿಸಿದೆ: “ವೆಂಚುರಿಯಿಂದ ಟ್ಯಾಂಕಿಗೆ ನೀರು ವಾಪಸ್ ಬರುತ್ತಿದ್ದರೆ 1ನೇ ವಾಲ್ವನ್ನು ಇನ್ನಷ್ಟು ಮುಚ್ಚಿ.” ತೋಟದಲ್ಲಿ ಒಬ್ಬನೇ ಇರುವವನಿಗೆ ಬೇಕಾದ್ದು ಇಂಥ ಗುರುತು.

ಒಂದೇ ಪದ ಮತ್ತೆ ಮತ್ತೆ ಬಂದರೆ ಚೆನ್ನಾಗಿರಲ್ಲ ಅಂತ ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಕಲಿತಿದ್ದೇವೆ. ಸೂಚನೆಗೆ ಆ ಪಾಠ ಬೇಡ. ಹಾಗಂತ ‘ಅದು’ವನ್ನು ಪೂರ್ತಿ ಬಿಡಬೇಕಾಗಿಲ್ಲ. “ಜಾಲರಿಯನ್ನು ಹೊರತೆಗೆದು, ಅದನ್ನು ತೊಳೆಯಿರಿ” ಅನ್ನುವಲ್ಲಿ ಇರುವುದೇ ಒಂದು ವಸ್ತು, ಬೇರೆ ಅರ್ಥ ಬರಲು ಜಾಗವಿಲ್ಲ.

‘ಅದು’ ಹುಡುಕಿ ತೆಗೆದರೂ ಒಂದು ಬಗೆಯ ಗೊಂದಲ ಉಳಿಯುತ್ತದೆ. ಕನ್ನಡದಲ್ಲಿ “ಬಿಚ್ಚಿ ತೊಳೆದು ಹಾಕಿ” ಅಂತ ವಸ್ತುವಿನ ಹೆಸರೇ ಇಲ್ಲದೆ ಬರೆಯಬಹುದು. ಹುಡುಕಲು ಅಲ್ಲಿ ಪದವೇ ಇಲ್ಲ. ಅದಕ್ಕೇ ನಾನು ‘ಮುಚ್ಚಿ, ತೆರೆಯಿರಿ, ಬಿಚ್ಚಿ’ಯಂಥ ಕ್ರಿಯಾಪದಗಳ ಕೆಳಗೆ ಗೆರೆ ಎಳೆದು, ಪ್ರತಿಯೊಂದಕ್ಕೂ ‘ಯಾವುದನ್ನು?’ ಅಂತ ಕೇಳುತ್ತೇನೆ. ಹಿಂದಿನ ವಾಕ್ಯವನ್ನು ಕೈಯಲ್ಲಿ ಮುಚ್ಚಿಕೊಂಡೇ ಉತ್ತರ ಸಿಗಬೇಕು. ಆಮೇಲೆ ವೆಂಚುರಿ ಮುಟ್ಟಿರದ ಒಬ್ಬರನ್ನು ಪಂಪ್‌ಹೌಸಿಗೆ ಕರೆದು, ಸೂಚನೆ ಓದಿ, ಬೆರಳಿಟ್ಟು ತೋರಿಸಲು ಹೇಳುತ್ತೇನೆ. “ಅರ್ಥ ಆಯ್ತಾ?” ಅಂತ ಕೇಳುವುದಿಲ್ಲ. ಎಲ್ಲರೂ “ಆಯ್ತು ಸರ್” ಅಂತಾರೆ. ಬೆರಳು ಎರಡು ವಾಲ್ವ್‌ಗಳ ನಡುವೆ ತಡವರಿಸಿದರೆ ಆ ಸಾಲು ಮತ್ತೆ ತಿದ್ದಲು ಬರುತ್ತದೆ.