1500 ನಿಟ್ಸ್ ಟಿವಿ ಹಗಲಲ್ಲಿ ಯಾಕೆ ಮಂಕು?

ಪ್ರಶ್ನೆ: ನಮ್ಮ ಹೊಸ ಒಎಲ್‌ಇಡಿ ಟಿವಿಯ ಪೀಕ್ ಬ್ರೈಟ್‌ನೆಸ್ 1500 ನಿಟ್ಸ್ ಎಂದು ಬರೆದಿದೆ. ಅಕ್ಕನ ಮನೆಯ ಮಿನಿ ಎಲ್‌ಇಡಿ ಟಿವಿಗೆ ಬರೀ 700. ಆದರೂ ಹಗಲಲ್ಲಿ ಹಿಮದ ದೃಶ್ಯ ಬಂದಾಗ ಅವರ ಟಿವಿಯೇ ಹೆಚ್ಚು ಬೆಳ್ಳಗೆ ಕಾಣುತ್ತದೆ. ನಮ್ಮ ಟಿವಿ ಕೆಟ್ಟಿದೆಯೇ?

ಕೆಟ್ಟಿಲ್ಲ. 1500 ಎನ್ನುವುದು ಸುಳ್ಳೂ ಇರಲಿಕ್ಕಿಲ್ಲ. ಆದರೆ ಆ ಅಂಕಿ ಇಡೀ ಪರದೆಯದ್ದಲ್ಲ, ಪರದೆಯ ಒಂದು ಸಣ್ಣ ತುಂಡಿನದ್ದು.

ನಿಟ್ ಅಂದರೆ ಒಂದು ಚದರ ಮೀಟರ್ ಮೇಲ್ಮೈಯಿಂದ ಒಂದು ಕ್ಯಾಂಡೆಲಾದಷ್ಟು ಬೆಳಕು. ಅದನ್ನು ಅಳೆಯುವವರು ಕಪ್ಪು ಪರದೆಯ ನಡುವೆ ಒಂದು ಬಿಳಿ ಚೌಕ ತೋರಿಸಿ, ಅದರ ಮೇಲೆ ಮೀಟರ್ ಇಡುತ್ತಾರೆ. ಈ ಚೌಕಕ್ಕೆ ವಿಂಡೋ ಅಂತಾರೆ. 10% ವಿಂಡೋ ಅಂದರೆ ಪರದೆಯ ಹತ್ತನೇ ಒಂದು ಭಾಗ ಮಾತ್ರ ಬಿಳಿ. 55 ಇಂಚಿನ ಟಿವಿಯಲ್ಲಿ ಇದು ಸುಮಾರು 38 ಸೆಂ.ಮೀ. ಅಗಲ, 22 ಸೆಂ.ಮೀ. ಎತ್ತರ, ಅಂದರೆ ಹೆಚ್ಚುಕಡಿಮೆ ಒಂದು ಲ್ಯಾಪ್‌ಟಾಪ್ ಪರದೆಯಷ್ಟು. 2% ವಿಂಡೋ ಆದರೆ ಅಡ್ಡ ಹಿಡಿದ ಮೊಬೈಲ್‌ಗಿಂತ ತುಸು ದೊಡ್ಡದು, ಅಷ್ಟೇ. ಚೌಕ ಎಷ್ಟು ದೊಡ್ಡದು ಎಂದು ಹೇಳದೆ 1500 ಎಂದಷ್ಟೇ ಬರೆದಿದ್ದರೆ, ಅದು ತುಂಬ ಸಣ್ಣ ಚೌಕದ ಅಂಕಿ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು.

ಚೌಕ ದೊಡ್ಡದಾದಂತೆ ಬೆಳಕು ಯಾಕೆ ಇಳಿಯುತ್ತದೆ? ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಪರದೆಯ ಹತ್ತನೇ ಒಂದು ಭಾಗ 1000 ನಿಟ್ಸ್‌ನಲ್ಲಿ ಉರಿದರೆ ಹೊರಬರುವ ಒಟ್ಟು ಬೆಳಕು, ಇಡೀ ಪರದೆ 100 ನಿಟ್ಸ್‌ನಲ್ಲಿ ಉರಿದಷ್ಟೇ. ಇಡೀ ಪರದೆಯನ್ನೇ 1000ಕ್ಕೆ ಏರಿಸಿದರೆ ಹತ್ತು ಪಟ್ಟು ಬೆಳಕು, ಅಷ್ಟೇ ಹೊರೆ. ಅದನ್ನು ಪ್ಯಾನೆಲ್ ತಡೆಯುವುದಿಲ್ಲ. ಹಾಗಾಗಿ ಟಿವಿ ತಾನಾಗಿಯೇ ಬೆಳಕು ಇಳಿಸುತ್ತದೆ. ಇದಕ್ಕೆ ಎಬಿಎಲ್, ಅಂದರೆ ಆಟೊಮ್ಯಾಟಿಕ್ ಬ್ರೈಟ್‌ನೆಸ್ ಲಿಮಿಟರ್ ಅಂತ ಹೆಸರು. ಮಿನಿ ಎಲ್‌ಇಡಿಯಲ್ಲಿ ಪರದೆಯ ಹಿಂದೆ ಬೇರೆಯೇ ದೀಪಗಳಿರುತ್ತವೆ, ಅಲ್ಲಿ ಇಳಿತ ಸಾಮಾನ್ಯವಾಗಿ ಕಡಿಮೆ.

ಈಗ ನಿಮ್ಮ ಎರಡು ಟಿವಿಗಳನ್ನೇ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು, ಆದರೆ ಇಂಥ ಟಿವಿಗಳ ನಡತೆ ಹೀಗೇ ಇರುತ್ತದೆ. ನಿಮ್ಮದು ಸಣ್ಣ ಚೌಕದಲ್ಲಿ 1500, 10%ನಲ್ಲಿ 1000, ಇಡೀ ಪರದೆ ಬೆಳ್ಳಗಾದಾಗ 200. ಅಕ್ಕನ ಮನೆಯದ್ದು 10%ನಲ್ಲಿ 700, ಇಡೀ ಪರದೆಗೆ 550. ರಾತ್ರಿಯ ಬೀದಿ, ದೂರದಲ್ಲಿ ಒಂದೇ ದೀಪ ಇರುವ ದೃಶ್ಯದಲ್ಲಿ ನಿಮ್ಮ ಟಿವಿಯ ದೀಪ ಕಣ್ಣು ಕುಕ್ಕುತ್ತದೆ, ಸುತ್ತಲಿನ ಕಪ್ಪು ಅಪ್ಪಟ ಕಪ್ಪಾಗಿರುತ್ತದೆ. ಹಿಮದ ಬಯಲು ಬಂತೆಂದರೆ ಲೆಕ್ಕ ತಿರುಗುತ್ತದೆ. 200 ಎಲ್ಲಿ, 550 ಎಲ್ಲಿ! ಕಿಟಕಿಯಿಂದ ಬಿಸಿಲೂ ಬೀಳುತ್ತಿದ್ದರೆ ವ್ಯತ್ಯಾಸ ಇನ್ನೂ ಜಾಸ್ತಿ ಕಾಣುತ್ತದೆ.

ಇದನ್ನು ನೀವೇ ನೋಡಬಹುದು. ಮೊದಲು ಪವರ್ ಸೇವಿಂಗ್ ಮತ್ತು ಕೋಣೆಯ ಬೆಳಕು ನೋಡಿ ಹೊಂದಿಕೊಳ್ಳುವ ಸೆನ್ಸರ್, ಎರಡನ್ನೂ ಆಫ್ ಮಾಡಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಚೌಕ ಇರುವ ಚಿತ್ರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಒಂದೊಂದಾಗಿ ಹಾಕಿ. ಚೌಕ ಹಿಗ್ಗಿದ ಕೂಡಲೇ ಬಿಳಿ ಬಣ್ಣ ಬೂದು ಬಣ್ಣದ ಕಡೆಗೆ ವಾಲಿದರೆ, ಅದೇ ಎಬಿಎಲ್. ಒಂದೇ ಚಿತ್ರವನ್ನು ನಿಮಿಷಗಟ್ಟಲೆ ಹಾಗೇ ಬಿಟ್ಟು ಮಂಕಾಯಿತು ಅನ್ನಬೇಡಿ. ಅಲುಗಾಡದ ಚಿತ್ರದ ಅಚ್ಚು ಪರದೆಯಲ್ಲಿ ಉಳಿಯದಿರಲೆಂದು ಒಎಲ್‌ಇಡಿ ಬೇರೆಯಾಗಿಯೂ ಬೆಳಕು ತಗ್ಗಿಸುತ್ತದೆ.

ಸಮಯದ ಮಾತೂ ಇದೆ. ಪೀಕ್ ಅನ್ನುವುದು ಕೆಲವೊಮ್ಮೆ ಕೆಲವೇ ಸೆಕೆಂಡಿನ ಮಾತು. ಬಿಸಿ ಏರಿದಂತೆ ಬೆಳಕು ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಅದೇ ಸಸ್ಟೈನ್ಡ್ ಬ್ರೈಟ್‌ನೆಸ್. ಮಿನಿ ಎಲ್‌ಇಡಿ ಟಿವಿಗಳೂ ಹೀಗೆ ಮಾಡುವುದುಂಟು. ಕೊಳ್ಳುವಾಗ ನಾನು ನೋಡುವುದು ಎರಡೇ ಅಂಕಿ: 10% ಪೀಕ್ ಮತ್ತು 100% ಸಸ್ಟೈನ್ಡ್. ಅಳೆದು ಬರೆಯುವ ವಿಮರ್ಶಕರು ಇವೆರಡನ್ನೂ ಕೊಡುತ್ತಾರೆ. ಅಳತೆ ಯಾವ ಮೋಡ್‌ನಲ್ಲಿ ಆಯಿತು ಎಂದೂ ನೋಡಿ. ವಿವಿಡ್ ಮೋಡ್‌ನಲ್ಲಿ ಬಿಳಿಗೆ ನೀಲಿ ಬೆರೆತು ಅಂಕಿ ಏರುತ್ತದೆ, ಸಿನಿಮಾ ಮೋಡ್‌ನಲ್ಲಿ ಅದು ಸಿಗುವುದಿಲ್ಲ.

ಒಂದು ಸಮಾಧಾನದ ಸಂಗತಿಯೂ ಇದೆ. ನಮ್ಮ ಕಣ್ಣಿಗೆ ನಿಟ್ಸ್ ದುಪ್ಪಟ್ಟಾದರೆ ಬೆಳಕು ದುಪ್ಪಟ್ಟಾದಂತೆ ಕಾಣುವುದಿಲ್ಲ. 1000 ಮತ್ತು 1100ರ ನಡುವಿನ ವ್ಯತ್ಯಾಸ ಟಿವಿ ನೋಡುತ್ತಾ ಕೂತವರಿಗೆ ಗೊತ್ತೇ ಆಗುವುದಿಲ್ಲ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಕಿಲ್ಲ. ನೀವು ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಾದರೆ ನಿಮ್ಮ ಟಿವಿ ಸರಿಯಾದದ್ದೇ. ಹಗಲಲ್ಲೇ ಹೆಚ್ಚು ನೋಡುತ್ತೀರಾದರೆ, ಎದುರಿನ ಕಿಟಕಿಗೆ ದಪ್ಪ ಪರದೆ ಹಾಕಿ ನೋಡಿ.