ಚಾನೆಲ್ ಹಾಕಿದ್ರ ಗ್ರಾನೈಟ್‌ನಾಗಿನ ಚುಕ್ಕಿ ಹೋಗ್ತಾವೇನ್ರಿ?

ಬಾಗಲಕೋಟೆಯ ನವನಗರದಿಂದ ಬಂದ ಪ್ರಶ್ನೆ: "ಅಡಗಿ ಕಟ್ಟಿಗೆ ಕರಿ ಗ್ರಾನೈಟ್ ಹಾಕ್ಸೀವ್ರಿ. ಮ್ಯಾಲಿನ ಕಪಾಟಿನ ಬುಡಕ್ಕ 12 ಫೂಟು ಎಲ್‌ಇಡಿ ಪಟ್ಟಿ ಅಂಟಿಸೀವಿ, 12 ವೋಲ್ಟಿಂದು. ಕಲ್ಲಿನಾಗ ಬರೇ ಚುಕ್ಕಿ ಚುಕ್ಕಿ ಕಾಣ್ತಾವ. ಗ್ಯಾಸ್ ಒಲಿ ಕಡೆ ತುದಿ ಮಂದ ಆಗೇತಿ, ಅಲ್ಲೇ ಪಟ್ಟಿ ಕಿತ್ತು ಜೋತಾಡಾಕತ್ತೇತಿ. ಅಲ್ಯೂಮಿನಿಯಂ ಚಾನೆಲ್ ಹಾಕಿದ್ರ ಎಲ್ಲಾ ಸರಿ ಆಗ್ತೇತೇನ್ರಿ?"

ಎಲ್ಲವೂ ಸರಿಯಾಗುವುದಿಲ್ಲ. ಪಟ್ಟಿ ಜೋತುಬೀಳುವುದು ಚಾನೆಲ್‌ನಿಂದ ನಿಲ್ಲುತ್ತದೆ. ಚುಕ್ಕೆ ಹೋಗುತ್ತವೋ ಇಲ್ಲವೋ ಎಂಬುದು ಚಾನೆಲ್‌ನ ಆಳಕ್ಕೆ ಬಿಟ್ಟದ್ದು. ತುದಿ ಮಂದವಾಗಿರುವುದಕ್ಕೂ ಚಾನೆಲ್‌ಗೂ ಸಂಬಂಧವಿಲ್ಲ, ಅದು ವೋಲ್ಟೇಜಿನ ಸಮಸ್ಯೆ.

ಮೊದಲು ಚುಕ್ಕೆಗಳ ವಿಷಯ. ಪಾಲಿಶ್ ಮಾಡಿದ ಕರಿ ಗ್ರಾನೈಟ್ ಕನ್ನಡಿ ಇದ್ದಂತೆ. ಅದರ ಮೇಲೆ ಬಿದ್ದ ಬೆಳಕಿಗಿಂತ ಅದರೊಳಗೆ ದೀಪದ ಬಿಂಬವೇ ನಮಗೆ ಎದ್ದು ಕಾಣುತ್ತದೆ. ನಿಮ್ಮ ಪಟ್ಟಿಯಲ್ಲಿ ಮೀಟರಿಗೆ 60 ದೀಪಗಳಿದ್ದರೆ ಎರಡು ದೀಪಗಳ ನಡುವಿನ ಅಂತರ ಸುಮಾರು 17 ಮಿ.ಮೀ. ಅವು ಒಂದಾಗಿ ಕಾಣಬೇಕಾದರೆ ದೀಪದಿಂದ ಡಿಫ್ಯೂಸರ್‌ಗೆ, ಅಂದರೆ ಚಾನೆಲ್‌ನ ಮುಚ್ಚಳಕ್ಕೆ, ಕನಿಷ್ಠ ಅಷ್ಟೇ ದೂರ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಕೊಡುವ ತೆಳು ಚಾನೆಲ್‌ನ ಆಳ 7-8 ಮಿ.ಮೀ. ಮಾತ್ರ. ಈ ಪಟ್ಟಿಯನ್ನೇ ಅದರೊಳಗೆ ಕೂಡಿಸಿದರೆ ಚುಕ್ಕೆಗಳು ತುಸು ಮೆತ್ತಗಾಗುತ್ತವೆ, ಅಷ್ಟೇ. ದುಡ್ಡು ಹೋದ ಮೇಲೆ ಗೊತ್ತಾಗುವ ಮಾತಿದು.

ಆದ್ದರಿಂದ ಪಟ್ಟಿಯನ್ನೂ ಬದಲಿಸಿ. ಮೀಟರಿಗೆ 120 ದೀಪಗಳಿರುವ ಪಟ್ಟಿಯಲ್ಲಿ ಅಂತರ 8 ಮಿ.ಮೀ.ಗೆ ಇಳಿಯುತ್ತದೆ, ಅದಕ್ಕೆ 12ರಿಂದ 15 ಮಿ.ಮೀ. ಆಳದ ಚಾನೆಲ್, ಹಾಲುಬಣ್ಣದ ಮುಚ್ಚಳ ಸಾಕು. ಪಾರದರ್ಶಕ ಮುಚ್ಚಳ ಚುಕ್ಕೆಗಳನ್ನು ಮರೆಸುವುದೇ ಇಲ್ಲ. ಹಾಲುಬಣ್ಣದ್ದು ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬೆಳಕನ್ನು ನುಂಗುತ್ತದೆ, ಆದರೂ ಈ ಕಲ್ಲಿಗೆ ಅದೇ ಸರಿ. ಆಳದ ಚಾನೆಲ್‌ಗೆ ಜಾಗ ಇಲ್ಲದಿದ್ದರೆ ಸಿಒಬಿ ಪಟ್ಟಿ ಕೇಳಿ. ಅದರಲ್ಲಿ ದೀಪಗಳು ಒತ್ತೊತ್ತಾಗಿದ್ದು ಮೇಲೆ ಹಳದಿ ಲೇಪನ ಒಂದೇ ಗೆರೆಯಂತಿರುವುದರಿಂದ ತೆಳು ಚಾನೆಲ್ ಕೂಡ ನಡೆಯುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ತುಂಡು ಪಟ್ಟಿ ಹೊತ್ತಿಸಿ, ಚಾನೆಲ್‌ನೊಳಗಿಟ್ಟು, ಮುಚ್ಚಳ ಹಾಕಿಸಿ. ಕೆಳಗೆ ನಿಮ್ಮ ಮೊಬೈಲ್ ಸ್ಕ್ರೀನ್ ಆರಿಸಿ ಹಿಡಿದು ಅದರಲ್ಲಿ ಬಿಂಬ ನೋಡಿ. ಆ ಕರಿ ಗಾಜಿನಲ್ಲಿ ಚುಕ್ಕೆ ಕಂಡರೆ ಮನೆಯ ಕಲ್ಲಿನಲ್ಲೂ ಕಾಣುತ್ತವೆ. ಚುಕ್ಕೆ ಹೋದರೂ ಬೆಳಕಿನ ಒಂದು ಗೆರೆ ಮಾತ್ರ ಪಾಲಿಶ್ ಕಲ್ಲಿನಲ್ಲಿ ಉಳಿಯುತ್ತದೆ, ಅದನ್ನು ಯಾವ ಮುಚ್ಚಳವೂ ಅಳಿಸದು.

ಆ ಗೆರೆಯ ಕಟುತನ ತಗ್ಗಿಸಲು 45 ಡಿಗ್ರಿ ಮೂಲೆ ಚಾನೆಲ್ ತೆಗೆದುಕೊಂಡು ಕಪಾಟಿನ ಮುಂದಿನ ಅಂಚಿನಲ್ಲಿ, ಮುಖ ಗೋಡೆಯ ಕಡೆಗೆ ತಿರುಗಿಸಿ ಕೂಡಿಸಿ. ಆಗ ಬೆಳಕಿನ ಜೋರು ಗೋಡೆಯ ಟೈಲ್ಸ್ ಮೇಲೆ ಬಿದ್ದು, ಅಲ್ಲಿಂದ ಕಟ್ಟೆಗೆ ಹರಡುತ್ತದೆ. ಗೋಡೆಗೆ ಹತ್ತಿ ಹಿಂದೆ ಅಂಟಿಸಿ ಮುಂದಕ್ಕೆ ತಿರುಗಿಸಿದರೆ ಕಲ್ಲಿನಿಂದ ಪುಟಿದ ಬೆಳಕು ನೇರ ಕಣ್ಣಿಗೇ ಬರುತ್ತದೆ. ರೊಟ್ಟಿ ಬಡಿಯಲು ನಿಂತವರ ಕಣ್ಣಿಗಂತೂ ಅದು ದಿನಾ ಚುಚ್ಚುತ್ತದೆ.

ಇನ್ನು ಪಟ್ಟಿ ಕಿತ್ತುಬಂದದ್ದು. ಪಟ್ಟಿ ತನ್ನ ಶಾಖವನ್ನು ಹಿಂಬದಿಯಿಂದ ಬಿಡಬೇಕು, ಪ್ಲೈವುಡ್ ಅದನ್ನು ಎಳೆದುಕೊಳ್ಳುವುದಿಲ್ಲ. ಶಾಖಕ್ಕೆ ಅಂಟು ಮೆತ್ತಗಾಗುತ್ತದೆ. ಒಗ್ಗರಣೆಯ ಜಿಡ್ಡು, ಮೇಲೆ ಜೋಳದ ಹಿಟ್ಟಿನ ದೂಳು ಸೇರಿದರೆ ಉಳಿದ ಹಿಡಿತವೂ ಹೋಗುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ, ಒಲೆಯ ಪಕ್ಕದಲ್ಲಿ ಇದು ಮೊದಲು ಕಾಣಿಸುವುದು ಸಹಜ. ಅಲ್ಯೂಮಿನಿಯಂ ಶಾಖವನ್ನು ಹರಡುತ್ತದೆ, ಮುಚ್ಚಳ ಹಿಟ್ಟು-ಜಿಡ್ಡನ್ನು ತಡೆಯುತ್ತದೆ, ಮುಚ್ಚಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೂಬಹುದು. ಚಾನೆಲ್‌ನ ಒಳಭಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿಸಿಯೇ ಪಟ್ಟಿ ಅಂಟಿಸಬೇಕು. ಚಾನೆಲ್ ಅನ್ನು ಅರ್ಧ ಮೀಟರಿಗೊಂದರಂತೆ ಕ್ಲಿಪ್ಪಿಟ್ಟು ಸ್ಕ್ರೂ ಹಾಕಿ ನಿಲ್ಲಿಸಬೇಕು. ಡಬಲ್ ಟೇಪ್ ನಂಬಬೇಡಿ.

ಇಲ್ಲೊಂದು ಎಚ್ಚರಿಕೆ. ಅಲ್ಯೂಮಿನಿಯಂನಲ್ಲಿ ಕರೆಂಟು ಹರಿಯುತ್ತದೆ. ಗರಗಸದಿಂದ ಕೊಯ್ದ ತುದಿಯಲ್ಲಿ ಉಳಿದ ಚೂಪು ಅಂಚನ್ನು ಅರದಿಂದ ಉಜ್ಜಿ ತೆಗೆಯದಿದ್ದರೆ ಅದು ಪಟ್ಟಿಯ ಅಥವಾ ವೈರಿನ ಮೈ ಕೊರೆದು ಶಾರ್ಟ್ ಮಾಡುತ್ತದೆ. ಹೊಸ ದೀಪ ಹಾಕಿದ ಕೂಡಲೇ ಪಕ್ ಪಕ್ ಎಂದು ಮಿಣುಕಿ ಆರುತ್ತಿದ್ದರೆ ಮನೆಯ ಕರೆಂಟನ್ನು ಪಟ್ಟಿಗೆ ಬೇಕಾದ ವೋಲ್ಟೇಜಿಗೆ ಇಳಿಸಿಕೊಡುವ ಡ್ರೈವರ್ ಅನ್ನು ಬೈಯುವ ಮೊದಲು ಈ ತುದಿಗಳನ್ನು ನೋಡಿ. ಪಟ್ಟಿಯನ್ನು ಚಾನೆಲ್‌ನ ಎರಡೂ ಕೊನೆಗಳಿಂದ 5 ಮಿ.ಮೀ. ಒಳಗೇ ನಿಲ್ಲಿಸಿ, ಪ್ಲಾಸ್ಟಿಕ್ ಟೋಪಿ ಹಾಕಿ.

ಈಗ ಮಂದವಾದ ತುದಿ. 12 ಫೂಟು ಅಂದರೆ ಸುಮಾರು 3.6 ಮೀಟರ್. ನಿಮ್ಮ ಪಟ್ಟಿ ಮೀಟರಿಗೆ 14.4 ವ್ಯಾಟ್‌ನದಾಗಿದ್ದರೆ ಒಟ್ಟು 52 ವ್ಯಾಟ್, 12 ವೋಲ್ಟಿನಲ್ಲಿ 4.3 ಆಂಪಿಯರ್. ಇಷ್ಟೂ ಕರೆಂಟು ಕಾಗದದಷ್ಟು ತೆಳುವಾದ ತಾಮ್ರದಲ್ಲಿ ಒಂದೇ ತುದಿಯಿಂದ ಹೊರಟಾಗ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. 12 ವೋಲ್ಟಿನ ಪಟ್ಟಿಯಲ್ಲಿ ಮೂರು ಮೂರು ದೀಪಗಳು ಸಾಲಾಗಿವೆ. ಆ ಮೂರೇ 9 ವೋಲ್ಟಿಗಿಂತ ಹೆಚ್ಚು ತೆಗೆದುಕೊಳ್ಳುವುದರಿಂದ, ಒಂದು ವೋಲ್ಟ್ ಕಡಿಮೆಯಾದರೂ ಬೆಳಕು ಕಣ್ಣಿಗೆ ಗೊತ್ತಾಗುವಷ್ಟು ಇಳಿಯುತ್ತದೆ.

ಹೊಸ ಪಟ್ಟಿಯನ್ನು 24 ವೋಲ್ಟಿನದು, ಮೀಟರಿಗೆ 9.6 ವ್ಯಾಟ್‌ನದು ತನ್ನಿ. 3.6 ಮೀಟರಿಗೆ 34.6 ವ್ಯಾಟ್, ಕರೆಂಟು 1.5 ಆಂಪಿಯರ್‌ಗೂ ಕಡಿಮೆ. ಡ್ರೈವರ್ ತನ್ನ ಶಕ್ತಿಯ ಶೇ. 80 ದಾಟಿ ದುಡಿಯಬಾರದು. ಆ ಲೆಕ್ಕಕ್ಕೆ 43 ವ್ಯಾಟ್ ಬೇಕು, 60 ವ್ಯಾಟ್‌ನದು ಕೊಂಡರೆ ಬೇಸಿಗೆಗೂ ತಡೆದೀತು. ಅದರ ಮೇಲೆ 24 ವೋಲ್ಟ್, ಸ್ಥಿರ ವೋಲ್ಟೇಜ್ ಎಂದಿರಬೇಕು. ಡೌನ್‌ಲೈಟ್‌ಗೆ ಬರುವ ಸ್ಥಿರ ಕರೆಂಟಿನ ಡ್ರೈವರ್ ಇದಕ್ಕೆ ಆಗದು. ಹಳೆಯ 12 ವೋಲ್ಟಿನ ಡ್ರೈವರ್‌ನಿಂದಲೂ 24ರ ಪಟ್ಟಿ ಹೊತ್ತದು.

ಡ್ರೈವರ್ ಅನ್ನು ಒಲೆಯ ಮೇಲ್ಗಡೆ ಇಡಬೇಡಿ. ಅದರೊಳಗಿನ ಕೆಪಾಸಿಟರ್ ಪ್ರತಿ 10 ಡಿಗ್ರಿ ಹೆಚ್ಚಿನ ಬಿಸಿಗೆ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ಕಪಾಟಿನ ತಲೆಯ ಮೇಲೆ, ಸಾಲಿನ ನಡುಭಾಗದಲ್ಲಿ, ಗಾಳಿ ಆಡುವಂತೆ, ಕೈಗೆ ಸಿಗುವಂತೆ ಇಡಿ. ನಡುಭಾಗವೇ ಏಕೆಂದರೆ, 1.8 ಮೀಟರಿನ ಎರಡು ಚಾನೆಲ್ ಕೂಡುವ ಜಾಗದಲ್ಲೇ ಪಟ್ಟಿಗೆ ಕರೆಂಟು ಕೊಡಬಹುದು. ಪಟ್ಟಿ ಕತ್ತರಿಸಬೇಕಿಲ್ಲ, ಕತ್ತರಿ ಗುರುತಿನ ಬಳಿಯ ತಾಮ್ರದ ಬಿಂದುಗಳಿಗೆ ವೈರು ಬೆಸುಗೆ ಹಾಕಿ, ಚಾನೆಲ್‌ಗಳ ಸಂದಿಯಿಂದ ಹೊರಗೆಳೆದರಾಯಿತು. ಹೀಗೆ ಮಾಡಿದರೆ ಎರಡೂ ಬದಿಗೆ ದಾರಿ ಅರ್ಧವಾಗಿ, ಪಟ್ಟಿಯೊಳಗಿನ ಸೋರಿಕೆ ಕಾಲುಭಾಗಕ್ಕೆ ಇಳಿಯುತ್ತದೆ. ಡ್ರೈವರ್‌ನಿಂದ ಅಲ್ಲಿಗೆ 0.75 ಚದರ ಮಿ.ಮೀ. ತಾಮ್ರದ ವೈರು ಸಾಕು. 230 ವೋಲ್ಟಿನ ಕಡೆಯ ಜೋಡಣೆಯನ್ನು ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ.

ಮುಚ್ಚಳ ಒತ್ತುವ ಮುಂಚೆ ದೀಪ ಒಂದು ತಾಸು ಉರಿಯಲಿ. ಆಮೇಲೆ ಮಲ್ಟಿಮೀಟರ್‌ನಿಂದ ಡ್ರೈವರ್ ಬಾಯಲ್ಲೊಮ್ಮೆ, ಪಟ್ಟಿಯ ಎರಡೂ ಕೊನೆಯಲ್ಲೊಮ್ಮೆ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ಮುಚ್ಚಿಬಿಡಿ. ಹೆಚ್ಚಿದ್ದರೆ ಬೆಸುಗೆ ಸರಿಯಾಗಿ ಕೂತಿಲ್ಲ, ಇಲ್ಲವೇ ಬೆಸುಗೆಯ ಬದಲು ಹಾಕಿದ ಪ್ಲಾಸ್ಟಿಕ್ ಕ್ಲಿಪ್ಪಿನ ಕನೆಕ್ಟರ್ ಸಡಿಲಾಗಿದೆ. ಅಲ್ಲಿ ಕೈಯಿಟ್ಟರೆ ಉಳಿದ ಪಟ್ಟಿಗಿಂತ ಬಿಸಿ ತಾಗುತ್ತದೆ.